ಡ್ರಿಪ್ ಪೈಪ್ ತರೋಕೆ ಮುಂಚೆ ಒಂದು ಡ್ರಮ್ ತುಂಬಿಸಿ ನೋಡಿ

ನಾನು ಚನ್ನಗಿರಿ ಕಡೆ ಅಡಿಕೆ ರೈತ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಕೇಳ್ತಿರೋ ಅಣ್ಣತಮ್ಮಂದಿರಿಗೆ, ಡ್ರಿಪ್ ಹಾಕುವಾಗ ನಾನು ಮಾಡಿದ ಒಂದು ತಪ್ಪು ಹೇಳ್ತೀನಿ.

ಒಂದು ಎಕರೆ ತೋಟ. ಒಂಬತ್ತು ಅಡಿಗೊಂದು ಗಿಡ ಅಂದ್ರೆ ಸುಮಾರು 540 ಗಿಡ. ಪೂರ್ತಿ ಎಕರೆಯನ್ನ ಒಂದೇ ಗೇಟ್‌ವಾಲ್ವ್‌ಗೆ ಕೊಟ್ಟೆ. ಮುಂದಿನ ಸಾಲು ಚೆನ್ನಾಗಿತ್ತು. ಬೇಸಿಗೆಯಲ್ಲಿ ಕೊನೆ ಸಾಲಿನ ಗಿಡಗಳು ಸೊರಗಿದವು.

ಕಾರಣ ಲೆಕ್ಕದಲ್ಲಿತ್ತು ನೋಡ್ರಿ. ಗಿಡಕ್ಕೆ ಗಂಟೆಗೆ 8 ಲೀಟರ್ ಬಿಡುವ ಡ್ರಿಪ್ಪರ್ ಎರಡು, ಅಂದ್ರೆ 16 ಲೀಟರ್. 540 ಗಿಡಕ್ಕೆ ಗಂಟೆಗೆ 8,640 ಲೀಟರ್ ಬೇಕು. ನನ್ನ ಬೋರ್ ಎಷ್ಟು ಕೊಡುತ್ತೆ? ಮೋಟಾರ್ ಒಂದು ಗಂಟೆ ಓಡಿದ ಮೇಲೆ 200 ಲೀಟರ್ ಡ್ರಮ್ ಇಟ್ಟೆ. ತುಂಬೋಕೆ ಎರಡು ನಿಮಿಷ. ಅಂದ್ರೆ ಗಂಟೆಗೆ 6,000 ಲೀಟರ್. ಬೇಕಾದ್ದು ಹೆಚ್ಚು, ಬರೋದು ಕಮ್ಮಿ. ಒತ್ತಡ ಸಾಲದೆ ನೀರು ಕೊನೆ ಮುಟ್ಟುತ್ತಿರಲಿಲ್ಲ.

ಆಮೇಲೆ ತೋಟವನ್ನ ಎರಡು ಭಾಗ ಮಾಡಿ, ಎರಡು ವಾಲ್ವ್ ಹಾಕಿದೆ. 270 ಗಿಡಕ್ಕೆ 4,320 ಲೀಟರ್ ಸಾಕು. ಉಳಿದ ನೀರಿಗೆ ಫಿಲ್ಟರ್‌ಗಿಂತ ಮುಂಚೆ ಒಂದು ಬೈಪಾಸ್ ಬಿಟ್ಟೆ, ಇಲ್ಲದಿದ್ರೆ ಒತ್ತಡ ಜಾಸ್ತಿಯಾಗಿ ಜಾಯಿಂಟ್ ಕಿತ್ತು ಬರುತ್ತೆ. ಫಲ ಬಿಡುವ ಅಡಿಕೆಗೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಹಾಗಾಗಿ ಒಂದೊಂದು ಭಾಗಕ್ಕೆ ಒಂದು, ಒಂದೂಕಾಲು ಗಂಟೆ ಬಿಡ್ತೀನಿ.

ಜಗಳೂರು ಕಡೆಯವರು ಡ್ರಮ್ ಲೆಕ್ಕವನ್ನ ಮಳೆಗಾಲದಲ್ಲಿ ಮಾಡಬೇಡಿ, ಏಪ್ರಿಲ್‌ನಲ್ಲಿ ಮಾಡಿ. ಡ್ರಮ್ ತುಂಬೋಕೆ ನಾಲ್ಕು ನಿಮಿಷ ಹಿಡಿದ್ರೆ ಗಂಟೆಗೆ 3,000 ಲೀಟರ್ ಮಾತ್ರ. ಆಗ ಇದೇ ಎಕರೆಯನ್ನ ನಾಲ್ಕು ಭಾಗ ಮಾಡ್ಬೇಕು. ಒಟ್ಟು ಐದು ಗಂಟೆ ಮೋಟಾರ್ ಓಡುತ್ತೆ. ಅಷ್ಟು ಹೊತ್ತು ತ್ರೀ ಫೇಸ್ ಕರೆಂಟ್ ಸಿಗುತ್ತಾ ಅಂತ ಮೊದಲೇ ನೋಡ್ಕೊಳ್ಳಿ.

ಕೆಲಸ ಸರಿಯಾಗಿದೆಯಾ ಅಂತ ತಿಳಿಯೋದು ಸುಲಭ. ಮೊದಲ ಗಿಡ ಮತ್ತು ಕೊನೆ ಗಿಡದ ಡ್ರಿಪ್ಪರ್ ಕೆಳಗೆ ಒಂದೊಂದು ಡಬ್ಬಿ ಇಡಿ. ಆರು ನಿಮಿಷಕ್ಕೆ ಎರಡರಲ್ಲೂ ಸುಮಾರು 800 ಮಿಲಿ ಬರಬೇಕು. ಕೊನೆ ಕಡೆಯ ಎಲ್ಲ ಗಿಡಕ್ಕೂ ಕಮ್ಮಿ ಬಂದ್ರೆ, ಒಂದು ವಾಲ್ವ್‌ಗೆ ಗಿಡ ಜಾಸ್ತಿ ಆಗಿರಬಹುದು, ಇಲ್ಲ ಫಿಲ್ಟರ್ ಕಟ್ಟಿರಬಹುದು. ಅಲ್ಲೊಂದು ಇಲ್ಲೊಂದು ಕಮ್ಮಿ ಬಂದ್ರೆ ಡ್ರಿಪ್ಪರ್ ಕಟ್ಟಿದೆ ಅಂತ ಅರ್ಥ.

ಫಿಲ್ಟರ್ ವಿಷಯದಲ್ಲಿ ಕಂಜೂಸ್ ಆಗಬೇಡಿ. ಬೋರ್ ನೀರಲ್ಲಿ ಮರಳು ಬಂದ್ರೆ ಅದನ್ನ ಬೇರ್ಪಡಿಸೋ ಹೈಡ್ರೋಸೈಕ್ಲೋನ್, ಅದರ ಹಿಂದೆ ಜಾಲರಿ ಫಿಲ್ಟರ್ ಇರಲಿ. ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆ ನೀರು ಅಥವಾ ನ್ಯಾಮತಿ ಕಡೆ ಹೊಳೆ, ಕೆರೆ ನೀರು ಎತ್ತುವವರಿಗೆ ಪಾಚಿ ಹಿಡಿಯೋ ಮರಳು ಫಿಲ್ಟರ್ ಬೇಕೇ ಬೇಕು. ವಾರಕ್ಕೊಮ್ಮೆ ಲ್ಯಾಟರಲ್ ಪೈಪಿನ ಕೊನೆ ಮುಚ್ಚಳ ಬಿಚ್ಚಿ, ತಿಳಿ ನೀರು ಬರೋ ತನಕ ಬಿಡಿ.

ಪೈಪಿನ ಅಂಗಡಿಗೆ ಹೋಗುವಾಗ ಡ್ರಮ್ ಲೆಕ್ಕ ಜೇಬಲ್ಲಿರಲಿ. ಬರ್ತೀನಿ.