ಥೈರಾಯ್ಡ್ ಮಾತ್ರೆಯ ಪ್ರಮಾಣ ಮತ್ತು ಬ್ರ್ಯಾಂಡ್ ಬದಲಾವಣೆ

ಥೈರಾಯ್ಡ್ ಗ್ರಂಥಿಯು ಸಾಕಷ್ಟು ಹಾರ್ಮೋನನ್ನು ಸ್ರವಿಸದಿರುವ ಸ್ಥಿತಿಯನ್ನು ಹೈಪೋಥೈರಾಯ್ಡಿಸಂ ಎನ್ನುತ್ತಾರೆ. ಈ ಕೊರತೆಯನ್ನು ತುಂಬಲು ನೀಡುವ ಮುಖ್ಯ ಔಷಧ ಲೆವೊಥೈರಾಕ್ಸಿನ್ ಸೋಡಿಯಂ. ಇದು ಗ್ರಂಥಿಯು ಸ್ರವಿಸುವ ಥೈರಾಕ್ಸಿನ್ (ಟಿ4) ಹಾರ್ಮೋನಿನ ಕೃತಕ ರೂಪ. ಭಾರತದಲ್ಲಿ ಇದು ಹಲವು ಕಂಪನಿಗಳ ಹೆಸರಿನಲ್ಲಿ ದೊರೆಯುತ್ತದೆ. ಇದರ ಪ್ರಮಾಣವನ್ನು ಸಾಮಾನ್ಯವಾಗಿ ಮಿಲಿಗ್ರಾಂನಲ್ಲಿ ಅಲ್ಲದೆ ಮೈಕ್ರೋಗ್ರಾಂನಲ್ಲಿ ಮುದ್ರಿಸಲಾಗುತ್ತದೆ.

ಮೈಕ್ರೋಗ್ರಾಂ ಲೆಕ್ಕ

ಒಂದು ಮಿಲಿಗ್ರಾಂನ ಸಾವಿರದಲ್ಲಿ ಒಂದು ಭಾಗವೇ ಮೈಕ್ರೋಗ್ರಾಂ. ಲೇಬಲ್ಲಿನಲ್ಲಿ ಇದನ್ನು mcg ಅಥವಾ µg ಎಂದು ಸೂಚಿಸುತ್ತಾರೆ. 100 ಮೈಕ್ರೋಗ್ರಾಂ ಎಂದರೆ 0.1 ಮಿಲಿಗ್ರಾಂ, 25 ಮೈಕ್ರೋಗ್ರಾಂ ಎಂದರೆ 0.025 ಮಿಲಿಗ್ರಾಂ. ಮಿಲಿಗ್ರಾಂನಲ್ಲಿ ಬರೆದಾಗ ದಶಮಾಂಶ ಬಿಂದುವಿನ ನಂತರದ ಒಂದು ಸೊನ್ನೆ ತಪ್ಪಿದರೂ ಪ್ರಮಾಣ ಹತ್ತು ಪಟ್ಟು ಬದಲಾಗುತ್ತದೆ: 0.025 ಎಂಬುದು 0.25 ಆದರೆ 25 ಮೈಕ್ರೋಗ್ರಾಂ ಬದಲು 250 ಆಗುತ್ತದೆ. ಮೈಕ್ರೋಗ್ರಾಂನಲ್ಲಿ ಬರೆದರೆ ಇಂತಹ ತಪ್ಪಿಗೆ ಅವಕಾಶ ಕಡಿಮೆ. ಕೈಬರಹದಲ್ಲಿ µg ಎಂಬ ಚಿಹ್ನೆಯನ್ನು mg ಎಂದು ಓದುವ ಅಪಾಯವೂ ಇರುವುದರಿಂದ mcg ಅಥವಾ ಪೂರ್ಣ ಪದವನ್ನು ಬಳಸುವುದು ಸುರಕ್ಷಿತ.

ಮಾತ್ರೆಯ ಬಣ್ಣ ಅಥವಾ ಬಾಟಲಿಯ ಬಣ್ಣವನ್ನು ನೋಡಿ ಪ್ರಮಾಣವನ್ನು ನಿರ್ಧರಿಸುವುದು ಸರಿಯಲ್ಲ. ಬಣ್ಣದ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು.

ಸಣ್ಣ ವ್ಯತ್ಯಾಸದ ದೊಡ್ಡ ಪರಿಣಾಮ

ವೈದ್ಯರು ಪ್ರಮಾಣವನ್ನು 12.5 ಅಥವಾ 25 ಮೈಕ್ರೋಗ್ರಾಂನಷ್ಟು ಸಣ್ಣ ಹಂತಗಳಲ್ಲಿ ಹೊಂದಿಸುತ್ತಾರೆ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ರಕ್ತದಲ್ಲಿನ ಥೈರಾಕ್ಸಿನ್ ಸ್ವಲ್ಪ ಇಳಿದರೂ ಟಿಎಸ್‌ಎಚ್ ಎಂಬ ಪ್ರಚೋದಕ ಹಾರ್ಮೋನನ್ನು ಹಲವು ಪಟ್ಟು ಹೆಚ್ಚಿಸುವುದೇ ಇದಕ್ಕೆ ಕಾರಣ. ಔಷಧ ಕಡಿಮೆಯಾದರೆ ಆಯಾಸ, ಚಳಿ, ಮಲಬದ್ಧತೆ ಮರುಕಳಿಸುತ್ತವೆ. ಹೆಚ್ಚಾದರೆ ಎದೆಬಡಿತ, ಕೈನಡುಕ, ನಿದ್ರಾಹೀನತೆ ಉಂಟಾಗುತ್ತವೆ. ವೃದ್ಧರಲ್ಲಿ ಹೃದಯದ ಲಯ ತಪ್ಪುವ ಮತ್ತು ಮೂಳೆ ಸವೆಯುವ ಅಪಾಯವಿದೆ.

ಬ್ರ್ಯಾಂಡ್ ಬದಲಾದಾಗ

ಎರಡು ಕಂಪನಿಗಳ ಮಾತ್ರೆಗಳ ಮೇಲೆ ಒಂದೇ ಅಂಕಿ ಇದ್ದರೂ ದೇಹಕ್ಕೆ ಸೇರುವ ಔಷಧ ಒಂದೇ ಆಗಿರಬೇಕೆಂದಿಲ್ಲ. ಮಾತ್ರೆಯ ಗಾತ್ರಕ್ಕಾಗಿ ಸೇರಿಸುವ ಲ್ಯಾಕ್ಟೋಸ್‌ನಂತಹ ಪೂರಕ ವಸ್ತುಗಳು, ಮಾತ್ರೆ ಕರಗುವ ವೇಗ, ಶಾಖ ಮತ್ತು ತೇವದಿಂದ ಸತ್ವ ಕುಗ್ಗುವ ಪ್ರಮಾಣ ಬೇರೆಬೇರೆಯಾಗಿರುತ್ತವೆ. ಕಾನೂನು ಸಹ ಸ್ವಲ್ಪ ಏರಿಳಿತವನ್ನು ಒಪ್ಪುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2007ರಲ್ಲಿ ಈ ಮಿತಿಯನ್ನು ಶೇ. 90–110ರಿಂದ ಶೇ. 95–105ಕ್ಕೆ ಬಿಗಿಗೊಳಿಸಿತು.

ಫ್ರಾನ್ಸಿನಲ್ಲಿ 2017ರಲ್ಲಿ ಲೆವೊಥೈರಾಕ್ಸ್ ಮಾತ್ರೆಯ ಲ್ಯಾಕ್ಟೋಸ್ ಬದಲಿಗೆ ಮ್ಯಾನಿಟಾಲ್ ಮತ್ತು ಸಿಟ್ರಿಕ್ ಆಮ್ಲವನ್ನು ಬಳಸಲಾಯಿತು. ಔಷಧದ ಪ್ರಮಾಣ ಬದಲಾಗದಿದ್ದರೂ ಸಾವಿರಾರು ರೋಗಿಗಳು ಅಸ್ವಸ್ಥತೆಯ ದೂರು ನೀಡಿದರು. ಆದರೆ ಪ್ರತಿಯೊಬ್ಬರಿಗೂ ತೊಂದರೆಯಾಗುತ್ತದೆಂದು ಇದರ ಅರ್ಥವಲ್ಲ. ಜೆನೆರಿಕ್ ಮಾತ್ರೆಗಳ ತಯಾರಕರನ್ನು ಬದಲಿಸಿದವರ ಬಗ್ಗೆ 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಟಿಎಸ್‌ಎಚ್‌ನಲ್ಲಿ ಗಣನೀಯ ವ್ಯತ್ಯಾಸವನ್ನು ಕಾಣಲಿಲ್ಲ. ಥೈರಾಯ್ಡ್ ಗ್ರಂಥಿಯನ್ನು ತೆಗೆಸಿಕೊಂಡವರು, ಗರ್ಭಿಣಿಯರು, ಹೃದ್ರೋಗಿಗಳು ಮತ್ತು ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿ ಮಾತ್ರ ಸಣ್ಣ ಏರಿಳಿತಕ್ಕೂ ಮಹತ್ವವಿದೆ.

ಒಂದು ಉದಾಹರಣೆ

ಗ್ರಂಥಿಯನ್ನು ತೆಗೆಸಿಕೊಂಡ ಮಹಿಳೆಯೊಬ್ಬರು ದಿನಕ್ಕೆ 100 ಮೈಕ್ರೋಗ್ರಾಂ ಸೇವಿಸುತ್ತಿದ್ದು, ಅವರ ಟಿಎಸ್‌ಎಚ್ 2.5 ಇದೆ ಎಂದು ಭಾವಿಸಬಹುದು. ಹಳೆಯ ಮಾತ್ರೆಯಲ್ಲಿ ನಿಜವಾಗಿ 105, ಅಂಗಡಿಯವರು ಬದಲಾಗಿ ಕೊಟ್ಟ ಮಾತ್ರೆಯಲ್ಲಿ 95 ಮೈಕ್ರೋಗ್ರಾಂ ಇದ್ದರೆ ಎರಡೂ ಮಿತಿಯೊಳಗೇ ಇವೆ. ಆದರೂ ದಿನಕ್ಕೆ 10 ಮೈಕ್ರೋಗ್ರಾಂ ಕಡಿಮೆಯಾಯಿತು. ಇದು ವೈದ್ಯರು ಉದ್ದೇಶಪೂರ್ವಕವಾಗಿ ಬದಲಿಸುವ ಹಂತಕ್ಕೆ ಹತ್ತಿರವಾದುದು. ಟಿಎಸ್‌ಎಚ್ 5ರ ಆಸುಪಾಸಿಗೆ ಏರಬಹುದು.

ಈ ಏರಿಕೆ ತಕ್ಷಣ ಕಾಣುವುದಿಲ್ಲ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹೊಸ ಮಟ್ಟ ಸ್ಥಿರವಾಗಲು ಐದಾರು ವಾರ ಹಿಡಿಯುತ್ತದೆ. ಎರಡನೆಯ ವಾರದ ಪರೀಕ್ಷೆ ದಾರಿ ತಪ್ಪಿಸಬಹುದು. ಆರರಿಂದ ಎಂಟು ವಾರಗಳ ನಂತರದ ಪರೀಕ್ಷೆಯೇ ನಂಬಲರ್ಹ. ಅಷ್ಟರಲ್ಲಿ ಬ್ರ್ಯಾಂಡ್ ಬದಲಾದದ್ದು ರೋಗಿಗೆ ಮರೆತಿರಬಹುದು. ಅದು ತಿಳಿಯದ ವೈದ್ಯರು ಮಾತ್ರೆ ತಪ್ಪಿಸಿದ್ದೇ ಕಾರಣವೆಂದು ಭಾವಿಸಬಹುದು ಅಥವಾ ಪ್ರಮಾಣವನ್ನು ಹೆಚ್ಚಿಸಬಹುದು. ಹೆಚ್ಚಿಸಿದ ಬಳಿಕ ರೋಗಿಯು ಹಳೆಯ ಬ್ರ್ಯಾಂಡಿಗೆ ಮರಳಿದರೆ ಔಷಧ ಅತಿಯಾಗುತ್ತದೆ.

ವೈದ್ಯರಿಗೆ ತಿಳಿಸಬೇಕಾದುದು

ಬ್ರ್ಯಾಂಡಿನ ಹೆಸರು, ಮೈಕ್ರೋಗ್ರಾಂ ಪ್ರಮಾಣ ಮತ್ತು ಬದಲಾದ ದಿನಾಂಕವನ್ನು ತಿಳಿಸಬೇಕು. ಖಾಲಿ ಬಾಟಲಿಯನ್ನೋ ಸ್ಟ್ರಿಪ್ಪನ್ನೋ ಜೊತೆಗೆ ಒಯ್ಯುವುದು ಅನುಕೂಲ. ಮಾತ್ರೆ ಸೇವಿಸುವ ಕ್ರಮವನ್ನೂ ಹೇಳಬೇಕು, ಏಕೆಂದರೆ ಕಾಫಿಯೊಂದಿಗೆ ಅಥವಾ ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳ ಜೊತೆ ಸೇವಿಸಿದರೂ ಔಷಧ ಸರಿಯಾಗಿ ಹೀರಲ್ಪಡದೆ ಟಿಎಸ್‌ಎಚ್ ಏರುತ್ತದೆ. ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನು ನಿಲ್ಲಿಸುವುದಾಗಲಿ ಪ್ರಮಾಣವನ್ನು ಬದಲಿಸುವುದಾಗಲಿ ಸಲ್ಲದು. ಹಳೆಯ ಬ್ರ್ಯಾಂಡ್ ಸಿಗದಿದ್ದಾಗ ಅದೇ ಪ್ರಮಾಣದ ಬೇರೆ ಬ್ರ್ಯಾಂಡನ್ನು ಸೇವಿಸಿ ವೈದ್ಯರಿಗೆ ತಿಳಿಸುವುದು, ಮಾತ್ರೆಯನ್ನೇ ಬಿಡುವುದಕ್ಕಿಂತ ಮೇಲು.