ಒಂದು ಗಿಡ, ಮೂರು ಬೇಸಿಗೆ: ಬಡಾವಣೆಯ ಅಭಿಯಾನಕ್ಕೆ ತಕ್ಕ ಅಡಿಬರಹ

ಬಡಾವಣೆಯ ನಿವಾಸಿಗಳ ಸಂಘವೊಂದು ಗಿಡ ನೆಡುವ, ಕೆರೆ ಶುಚಿಗೊಳಿಸುವ ಕೆಲಸಕ್ಕೆ ಇಳಿದಾಗ ಮೊದಲು ಸಿದ್ಧವಾಗುವುದು ಬ್ಯಾನರ್, ಅದರ ಮೇಲೊಂದು ಅಡಿಬರಹ. ‘ಹಸಿರೇ ಉಸಿರು’, ‘ನಮ್ಮ ಕೆರೆ ನಮ್ಮ ಹೆಮ್ಮೆ’ ಎಂಬಂಥ ಸಾಲುಗಳು ಎಲ್ಲ ಬಡಾವಣೆಗಳಲ್ಲೂ ಕಾಣುತ್ತವೆ. ಅವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವನ್ನು ಓದಿದವರು ಮರುದಿನ ಬೆಳಿಗ್ಗೆ ಏನು ಮಾಡಬೇಕೆಂಬುದು ಅವುಗಳಲ್ಲಿಲ್ಲ. ‘ಕೆರೆ’ ಇರುವ ಕಡೆ ‘ರಸ್ತೆ’ ಎಂದು ಬದಲಿಸಿದರೂ ಸಾಲು ಹಾಗೆಯೇ ನಿಲ್ಲುವುದಾದರೆ ಅದು ಆ ಕೆರೆಗೆಂದು ಹುಟ್ಟಿದ ಸಾಲಲ್ಲ.

ಪರಿಸರದ ಕೆಲಸಕ್ಕೆ ಕನ್ನಡದಲ್ಲಿ ಹುಟ್ಟಿದ ಅತ್ಯುತ್ತಮ ಘೋಷಣೆ 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯದು: ‘ಉಳಿಸು, ಬೆಳೆಸು, ಬಳಸು’. ಮೂರೇ ಪದ, ಮೂರೂ ಕ್ರಿಯಾಪದ. ಇರುವ ಕಾಡನ್ನು ಉಳಿಸುವುದು, ಬೋಳಾದ ನೆಲದಲ್ಲಿ ಮತ್ತೆ ಬೆಳೆಸುವುದು, ಕಾಡಿನ ಉತ್ಪನ್ನವನ್ನು ಹದವರಿತು ಬಳಸುವುದು, ಹೀಗೆ ಚಳವಳಿಯ ಇಡೀ ಕಾರ್ಯಕ್ರಮವೇ ಅದರಲ್ಲಿ ಅಡಗಿದೆ. ಮೂರನೆಯ ಪದವೇ ಇದರ ಜೀವಾಳ. ಕಾಡಿನಿಂದಲೇ ಸೊಪ್ಪು, ಸೌದೆ ತರುವ ರೈತನಿಗೆ ‘ಮುಟ್ಟಬೇಡ’ ಎನ್ನದೆ ‘ಬಳಸು’ ಎಂದದ್ದರಿಂದ ಆ ಮಾತು ಅವನ ಮಾತೂ ಆಯಿತು. ಕಟ್ಟುವಿಕೆಯೂ ಅಷ್ಟೇ ಬಿಗಿ. ಪ್ರತಿ ಪದದಲ್ಲೂ ಮೂರು ಲಘು, ಪ್ರತಿ ಪದದ ಎರಡನೆಯ ಅಕ್ಷರದಲ್ಲಿ ಳಕಾರ. ಹಳಗನ್ನಡ ಕವಿಗಳು ಪಾಲಿಸುತ್ತಿದ್ದ ದ್ವಿತೀಯಾಕ್ಷರ ಪ್ರಾಸವೇ ಇಲ್ಲಿ ತಾನಾಗಿ ಕೂತಿದೆ. ಹಾಗಾಗಿ ಓದು ಬಾರದವರ ಬಾಯಲ್ಲೂ ಅದು ಒಮ್ಮೆ ಕೇಳಿದ ಕೂಡಲೇ ನಿಲ್ಲುತ್ತದೆ.

ನಗರದ ಬಡಾವಣೆಗೆ ಇದರಿಂದ ಸಿಗುವ ಪಾಠ ಪ್ರಾಸಕ್ಕಿಂತ ಮೊದಲಿನದು: ಬರೆಯುವ ಮುನ್ನ ಕೆರೆಯನ್ನು ಸುತ್ತಿ ನೋಡಬೇಕು. ಬೆಂಗಳೂರಿನ ಹೊರವಲಯದಲ್ಲಿ, ಏರಿಯ ಪಕ್ಕದಲ್ಲೇ ಮುನ್ನೂರು ಮನೆಗಳ ಬಡಾವಣೆ ಇದೆ ಎಂದು ಇಟ್ಟುಕೊಳ್ಳೋಣ. ಸಂಘದವರು ಮೊದಲು ಬರೆದ ಸಾಲು ‘ಸ್ವಚ್ಛ ಕೆರೆ, ಹಸಿರು ಬಡಾವಣೆ, ಸುಂದರ ಬದುಕು’. ಕೆರೆ ಸುತ್ತಿದಾಗ ಕಂಡದ್ದು ಬೇರೆ. ನೀರಿನಂಚಿನಲ್ಲಿ ತೇಲುತ್ತಿರುವುದು ಹೆಚ್ಚಾಗಿ ಪೂಜೆಯ ಹೂವು, ಹಾರ, ಅದನ್ನು ಕಟ್ಟಿ ತಂದ ಪ್ಲಾಸ್ಟಿಕ್ ಚೀಲ. ಕೆರೆಯ ಒಂದು ಮೂಲೆಯಲ್ಲಿ ಅಂತರಗಂಗೆ ದಟ್ಟವಾಗಿ ಹಬ್ಬಿದೆ. ಆ ಮೂಲೆಯಲ್ಲೇ ರಾಜಕಾಲುವೆ ಕೆರೆಗೆ ಸೇರುತ್ತದೆ. ಕಳೆದ ವರ್ಷ ಏರಿಯ ಕೆಳಗೆ ನೆಟ್ಟ ಸಸಿಗಳಲ್ಲಿ ಬಹಳಷ್ಟು ಒಣಗಿ ಕಡ್ಡಿಯಾಗಿವೆ.

ಇವು ಮೂರು ಬೇರೆ ಬೇರೆ ಸಮಸ್ಯೆಗಳು, ಮಾಡಬೇಕಾದವರೂ ಬೇರೆ. ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದರೆ ಯಾರಿಗೂ ಹೇಳಿದಂತಾಗುವುದಿಲ್ಲ. ಹೂವಿನ ವಿಷಯದಲ್ಲಿ ‘ಇಲ್ಲಿ ಕಸ ಹಾಕಬೇಡಿ’ ಎಂಬ ಫಲಕ ಸಾಮಾನ್ಯವಾಗಿ ಸೋಲುತ್ತದೆ. ದೇವರಿಗೆ ಏರಿಸಿದ ಹೂವನ್ನು ಯಾರೂ ಕಸವೆಂದು ಎಣಿಸುವುದಿಲ್ಲ, ತುಳಿಯುವ ಕಡೆ ಹಾಕಲು ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ನೀರಿಗೆ ಬಿಡುತ್ತಾರೆ. ಆ ಭಾವಕ್ಕೆ ಒಪ್ಪುವ ಇನ್ನೊಂದು ಜಾಗವನ್ನು ಸಾಲೇ ತೋರಿಸಬೇಕು: ‘ಪೂಜೆಯ ಹೂವು ಗಿಡದ ಬುಡಕ್ಕೆ’. ಪಕ್ಕದಲ್ಲಿ ಹೂವಿಗೆಂದೇ ಒಂದು ಗೊಬ್ಬರದ ತೊಟ್ಟಿ ಇದ್ದಾಗ ಮಾತ್ರ ಈ ಸಾಲಿಗೆ ಬೆಲೆ. ಗಿಡ ಮತ್ತು ಕೆರೆ ಎಂಬ ಅಭಿಯಾನದ ಎರಡು ಭಾಗಗಳನ್ನು ಎಳೆದು ಕಟ್ಟದೆ ಒಂದಾಗಿಸಿರುವುದೂ ಇದರ ಗುಣ.

ಬೇಸರದಿಂದ ಹುಟ್ಟುವ ಸಾಲುಗಳ ಬಗ್ಗೆ ಎಚ್ಚರ ಬೇಕು. ‘ಎಲ್ಲರೂ ಇಲ್ಲೇ ಕಸ ಸುರಿಯುತ್ತಿದ್ದಾರೆ, ನಿಲ್ಲಿಸಿ’ ಎಂದು ಬರೆದರೆ ಓದುಗನಿಗೆ ತಲುಪುವುದು ಮೊದಲರ್ಧ. ಅಮೆರಿಕದ ಅರಿಜೋನದಲ್ಲಿ ಕಲ್ಲಾದ ಮರಗಳ ರಾಷ್ಟ್ರೀಯ ಉದ್ಯಾನವೊಂದಿದೆ. ಅಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು ಬಗೆಬಗೆಯ ಫಲಕಗಳನ್ನು ಇಟ್ಟು ನೋಡಿದರು. ಹಿಂದೆ ಬಂದ ಬಹಳ ಮಂದಿ ತುಂಡುಗಳನ್ನು ಒಯ್ದಿದ್ದಾರೆ ಎಂದು ಮರುಗಿದ ಫಲಕದ ಬಳಿ, ಒಯ್ಯಬೇಡಿ ಎಂದು ನೇರವಾಗಿ ಕೋರಿದ ಫಲಕದ ಬಳಿಗಿಂತ ಕಳವು ಹೆಚ್ಚಾಯಿತು. ಬೇರೆಯವರೆಲ್ಲ ಮಾಡುತ್ತಾರೆ ಎಂಬ ಸುದ್ದಿಯೇ ಒಂದು ಅನುಮತಿ. ಆದ್ದರಿಂದ ‘ಈ ಏರಿಯನ್ನು ನಿಮ್ಮ ನೆರೆಯವರೇ ಪ್ರತಿ ಭಾನುವಾರ ಗುಡಿಸುತ್ತಾರೆ’ ಎಂಬ ಸಾಲು ಮೇಲು, ಅದು ನಿಜವಾಗಿದ್ದರೆ.

ಅಂತರಗಂಗೆಯದು ಅಡಿಬರಹದ ಮಿತಿಯನ್ನು ತೋರುವ ಪ್ರಕರಣ. ಮನೆಗಳ ಕೊಳಚೆ ರಾಜಕಾಲುವೆಗೆ ಸೇರಿ ಬಂದಾಗ ಅದರಲ್ಲಿರುವ ಸಾರಜನಕ, ರಂಜಕ ಈ ಕಳೆಗೆ ಗೊಬ್ಬರವಾಗುತ್ತದೆ. ಅನುಕೂಲದ ವಾತಾವರಣದಲ್ಲಿ ಎರಡು ವಾರದೊಳಗೇ ಅದು ದುಪ್ಪಟ್ಟಾಗಬಲ್ಲದು. ‘ಬನ್ನಿ, ಕಳೆ ತೆಗೆಯೋಣ’ ಎಂದು ಕರೆದು ನೂರು ಜನ ಒಂದು ಭಾನುವಾರವಿಡೀ ದುಡಿದರೂ ಕೊಳಚೆ ನಿಲ್ಲದಿದ್ದರೆ ಕೆಲವೇ ವಾರಗಳಲ್ಲಿ ಕೆರೆ ಮತ್ತೆ ಹಸಿರು ಹಾಸು. ಎರಡನೆಯ ಸಲ ಕರೆದಾಗ ಜನ ಬರುವುದಿಲ್ಲ. ಇಲ್ಲಿ ಬೇಕಾದದ್ದು ‘ರಾಜಕಾಲುವೆ ಮಳೆನೀರಿಗೆ ಮಾತ್ರ’ ಎಂಬಂಥ ಸಾಲು. ಕೊಳಚೆಯನ್ನು ಮಳೆನೀರಿನ ಕಾಲುವೆಗೆ ತಿರುಗಿಸಿದ ಮನೆಯವರಿಗೂ, ಒಳಚರಂಡಿಯ ಹೊಣೆ ಹೊತ್ತ ಜಲಮಂಡಳಿಗೂ ಅದು ಒಟ್ಟಿಗೇ ಕೇಳಿಸುತ್ತದೆ. ಮನವಿ ಪತ್ರದ ತಲೆಬರಹವಾಗಿಯೂ ಹೊಂದುತ್ತದೆ. ಕಳೆ ತೆಗೆಯುವ ಕರೆ ಅದರ ನಂತರದ್ದು.

ಗಿಡದ ವಿಷಯದಲ್ಲಿ ಬಹುತೇಕ ಘೋಷಣೆಗಳು ನೆಡುವುದರಲ್ಲೇ ಮುಗಿಯುತ್ತವೆ. ಜೂನ್ ಐದರ ಪರಿಸರ ದಿನ, ಜುಲೈನ ವನಮಹೋತ್ಸವ ಎರಡೂ ಮಳೆಗಾಲದಲ್ಲೇ ಬರುವುದರಿಂದ ಆಗ ಸಸಿಗೆ ಯಾರ ನೆನಪೂ ಬೇಕಿಲ್ಲ. ಅದು ಸಾಯುವುದು ಫೆಬ್ರುವರಿಯಿಂದ ಮೇ ನಡುವೆ. ಹೊಂಗೆ, ನೇರಳೆ, ಹೊಳೆಮತ್ತಿಯಂಥ ಗಟ್ಟಿ ಮರಗಳ ಸಸಿಗೂ ಬೇರು ಆಳಕ್ಕಿಳಿಯುವ ತನಕ, ಅಂದರೆ ಮೊದಲ ಎರಡು ಮೂರು ಬೇಸಿಗೆ, ಬುಡಕ್ಕೆ ನೀರು ಬೇಕು. ‘ಒಂದು ಗಿಡ, ಮೂರು ಬೇಸಿಗೆ’ ಎಂಬ ಸಾಲು ಆ ಅವಧಿಯನ್ನೇ ಹೇಳುತ್ತದೆ. ಕ್ರಿಯಾಪದ ಇಲ್ಲದ್ದು ಇದರ ಕೊರತೆ, ಹಾಗಾಗಿ ಕೆಳಗೆ ಸಣ್ಣಕ್ಷರದಲ್ಲಿ ‘ವಾರಕ್ಕೆರಡು ಬಿಂದಿಗೆ ನೀರು ಹಾಕಿ’ ಎಂದಿರಬೇಕು. ಯಾವ ಗಿಡ ಯಾರ ಪಾಲಿನದು ಎಂಬ ಪಟ್ಟಿಯೂ ಸಂಘದ ಬಳಿ ಇರಬೇಕು. ಒಂದು ಗಿಡವೆಂದಾಗ ನೆಡುವವರ ಸಂಖ್ಯೆಗೆ ತಕ್ಕಷ್ಟೇ ಸಸಿ ತರಬೇಕಾಗುತ್ತದೆ. ‘ಸಾವಿರ ಸಸಿ ನೆಡೋಣ’ ಎಂಬ ಉತ್ಸಾಹಕ್ಕೆ ಅದು ಒಳ್ಳೆಯ ಕಡಿವಾಣ.

ಸಾಲು ಸಿದ್ಧವಾದ ಮೇಲೆ ಸಮಿತಿಯ ಹೊರಗಿನ ನಾಲ್ಕೈದು ಜನರಿಗೆ ಓದಿ ಹೇಳಬೇಕು: ಗೇಟಿನ ಕಾವಲುಗಾರ, ಹೂ ಮಾರುವಾಕೆ, ಶಾಲೆಗೆ ಹೋಗುವ ಮಗು. ‘ಚೆನ್ನಾಗಿದೆಯೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಇದನ್ನು ಕೇಳಿ ಏನು ಮಾಡಬೇಕು ಅನ್ನಿಸಿತು’ ಎಂದು ಕೇಳಿದಾಗ ಸಾಲಿನ ನಿಜ ಸ್ಥಿತಿ ತಿಳಿಯುತ್ತದೆ. ಕರೆಯುವ ರೀತಿಯೂ ಆಗಲೇ ಗೊತ್ತಾಗುತ್ತದೆ. ಅಪ್ಪಿಕೋದ ‘ಉಳಿಸು’ ತನ್ನೊಳಗಿನವರಿಗೆ ಹೇಳಿದ ಏಕವಚನ. ಅಪರಿಚಿತರೇ ಹೆಚ್ಚಿರುವ ಬಡಾವಣೆಯಲ್ಲಿ ‘ಹಾಕಿ’ ಎಂಬ ಬಹುವಚನ ಲೇಸು, ‘ಹಾಕೋಣ’ ಎನ್ನುವುದಾದರೆ ಸಂಘದವರೂ ಕೈಯಲ್ಲಿ ಬಿಂದಿಗೆ ಹಿಡಿದಿರಬೇಕು.

ಕೊನೆಯದು, ಸಾಲು ನಿಲ್ಲುವ ಜಾಗ. ಹೂವಿನ ಸಾಲು ಕೆರೆಗಿಳಿಯುವ ಮೆಟ್ಟಿಲ ಬಳಿ, ನೀರಿನ ಸಾಲು ಗಿಡದ ಪಕ್ಕದಲ್ಲಿ, ಅದೂ ಫೆಬ್ರುವರಿಯಲ್ಲಿ. ನಲವತ್ತು ಅಡಿ ದೂರದಿಂದ ಸಲೀಸಾಗಿ ಓದಬೇಕಾದರೆ ಅಕ್ಷರ ನಾಲ್ಕು ಅಂಗುಲವಾದರೂ ಎತ್ತರವಿರಬೇಕು. ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್‌ಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ, ಹರಿದಾಗ ಅವು ಸೇರುವುದೂ ಕೆರೆಗೇ. ಬಟ್ಟೆಯ ಮೇಲೆ ಅಥವಾ ಕಾಂಪೌಂಡ್ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವುದು ಸರಿ. ಮರಕ್ಕೆ ಮೊಳೆ ಹೊಡೆದು ಫಲಕ ತಗುಲಿಸುವುದಂತೂ ಕೂಡದು. ತೊಗಟೆಯ ಗಾಯದಿಂದ ಶಿಲೀಂಧ್ರ, ಕೀಟ ಒಳಹೊಕ್ಕು ಕಾಂಡ ಕೊಳೆಯಲು ದಾರಿಯಾಗುತ್ತದೆ. ಫಲಕವನ್ನು ನೆಲದಲ್ಲಿ ಹೂತ ಗೂಟಕ್ಕೆ ಕಟ್ಟಿದರೆ ಸಾಕು.