ನಿಮಗಿದು ಗೊತ್ತೆ? ಹೊಗೆ ಅರ್ಧಕ್ಕಿಳಿದರೂ ಕಾಯಿಲೆ ಅಷ್ಟು ಇಳಿಯಲಿಲ್ಲ

ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ಮನೆಯೊಳಗೇ ಮೂರು ಕಲ್ಲಿಟ್ಟು ಸೌದೆ ಉರಿಸುವುದು ರೂಢಿ. 2002ರಲ್ಲಿ ಸಂಶೋಧಕ ಕಿರ್ಕ್ ಸ್ಮಿತ್ ಅವರ ತಂಡ ಅಲ್ಲಿ ಗರ್ಭಿಣಿಯರು ಅಥವಾ ಎಳೆಗೂಸುಗಳಿದ್ದ 534 ಮನೆಗಳನ್ನು ಲಾಟರಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಹೊಗೆಕೊಳವೆಯ ಒಲೆ ಆಗಲೇ ಸಿಕ್ಕಿತು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ. ಮಕ್ಕಳ ಬಟ್ಟೆಗೆ ಪುಟ್ಟ ಕೊಳವೆ ಸಿಕ್ಕಿಸಿ, ಅವರು ಉಸಿರಾಡುವ ಗಾಳಿಯ ಕಾರ್ಬನ್ ಮೊನಾಕ್ಸೈಡ್ ಅಳೆದರು.

ಹೊಸ ಒಲೆಯ ಮನೆಗಳಲ್ಲಿ ಅದು ಸರಾಸರಿ ಅರ್ಧಕ್ಕಿಳಿದಿತ್ತು. ತೀವ್ರ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಆದರೆ ಒಟ್ಟು ನ್ಯುಮೋನಿಯಾದಲ್ಲಿ ಕಂಡ ಇಳಿಕೆ, ಒಲೆಯಿಂದಲೇ ಎಂದು ಖಚಿತವಾಗಿ ಹೇಳುವಷ್ಟಿರಲಿಲ್ಲ.

ಇದಕ್ಕೊಂದು ಕಾರಣ ಹೀಗಿರಬಹುದು: ಹೊಗೆಕೊಳವೆ ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಹೊರಗೆ ಸಾಗಿಸುತ್ತದೆ ಅಷ್ಟೆ. ಅಂಗಳದ, ಪಕ್ಕದ ಮನೆಯ ಹೊಗೆ ಮತ್ತೆ ಒಳಗೆ ಬರುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳು ವಿಪರೀತವಾಗಿರುವಲ್ಲಿ ಅರ್ಧ ಕಳೆದರೂ ಉಳಿದದ್ದು ಮಗುವಿಗೆ ಹೆಚ್ಚೇ. ಹಾಗಾಗಿ ಮನೆಯೊಳಗಿನ ಹೊಗೆ ತಗ್ಗಿಸಲು ಸೌದೆ ಒಲೆ ಸುಧಾರಿಸುವುದಕ್ಕಿಂತ ಗ್ಯಾಸ್ ಅಥವಾ ವಿದ್ಯುತ್ ಒಲೆಗೆ ಪೂರ್ತಿ ಬದಲಾಗುವುದೇ ಹೆಚ್ಚು ಫಲಕಾರಿ.

ಪೂರ್ತಿ ಎಂಬುದೇ ಕಷ್ಟ. ನಮ್ಮ ಹಳ್ಳಿಗಳಲ್ಲಿ ಅಡುಗೆ ಗ್ಯಾಸಿಗೆ ಬಂದ ಮನೆಯಲ್ಲೂ ಸ್ನಾನದ ನೀರಿಗೆ ಹಂಡೆಯ ಕೆಳಗೆ ಸೌದೆ ಉರಿಯುತ್ತಲೇ ಇರುತ್ತದೆ. ಸಿಲಿಂಡರ್ ಎಷ್ಟಿವೆ ಎಂದು ಎಣಿಸುವ ಆರೋಗ್ಯ ಸಮೀಕ್ಷೆ ಬಚ್ಚಲೊಲೆಯನ್ನೂ ಕೇಳಬೇಕು.